ಡಬರಿಯೊಳಗೆ ಮಳೆ: ಮಲೆನಾಡಿನ ಮಕ್ಕಳಿಗೆ ಜಲಚಕ್ರದ ಪಾಠ

(ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳು ಒಟ್ಟಿಗೆ ಇದ್ದಾರೆ. ದಸರಾ ರಜೆ ಮುಗಿದು ಶಾಲೆ ಶುರುವಾಗಿದೆ, ಹೊರಗೆ ಬಿಸಿಲಿದೆ. ಮೇಜಿನ ಮೇಲೆ ದೊಡ್ಡ ಸ್ಟೀಲ್ ಡಬರಿ, ಭಾರದ ಒಂದು ಸಣ್ಣ ಬಟ್ಟಲು, ದಪ್ಪನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ದಾರ, ಒಂದು ಕಲ್ಲು, ಉಪ್ಪು, ಅರಿಶಿನ, ಚಮಚ, ಐಸ್ ತುಂಡುಗಳು.)

ಎಲ್ಲರೂ ಮೇಜಿನ ಸುತ್ತ ಬನ್ನಿ. ಗಿಡ್ಡ ಇರುವವರು ಮುಂದೆ, ಎತ್ತರದವರು ಹಿಂದೆ. ಡಬರಿಯನ್ನು ಯಾರೂ ಮುಟ್ಟಬೇಡಿ. ಬಿಸಿಯೂಟದ ಅಡುಗೆಮನೆಯಿಂದ ನೀರು ಈಗ ತಾನೇ ಬಂದಿದೆ, ಕೈ ಸುಡುತ್ತದೆ. ಸುರಿಯುವ ಕೆಲಸ ನನ್ನದು, ನೋಡುವ ಕೆಲಸ ನಿಮ್ಮದು.

ಇದು ಕುಡಿಯುವ ನೀರೇ. ಇದಕ್ಕೆ ಒಂದು ಹಿಡಿ ಉಪ್ಪು ಹಾಕುತ್ತೇನೆ. ಒಂದು ಚಮಚ ಅರಿಶಿನವನ್ನೂ ಹಾಕುತ್ತೇನೆ. ಈಗ ಬಣ್ಣ ಏನಾಯಿತು? ಹಳದಿ. ರುಚಿ? ಒಂದು ಚಮಚ ತೆಗೆದು ಆರಿಸಿದ್ದೇನೆ, ಬಾ ಪುಟ್ಟಿ, ನಾಲಿಗೆಗೆ ಒಂದು ಹನಿ ಇಟ್ಟುಕೊಂಡು ನೋಡು. ಮುಖ ನೋಡಿದರೇ ಗೊತ್ತಾಗುತ್ತದೆ, ಉಪ್ಪುಪ್ಪು! ಇವತ್ತಿನ ಮಟ್ಟಿಗೆ ಈ ಡಬರಿಯೇ ಸಮುದ್ರ.

ಸಮುದ್ರದ ನಡುವೆ ಈ ಖಾಲಿ ಬಟ್ಟಲು ಇಡುತ್ತೇನೆ. ಒಳಗೆ ನೀರಿಲ್ಲ, ಒಣಗಿದೆ, ಅಲ್ವಾ? ಬಗ್ಗಿ ನೋಡಿ ಖಾತ್ರಿ ಮಾಡಿಕೊಳ್ಳಿ. ಡಬರಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಸುತ್ತಲೂ ದಾರ ಕಟ್ಟುತ್ತೇನೆ. ತುಂಬಾ ಬಿಗಿಯಾಗಿ ಅಲ್ಲ. ಸರಿಯಾಗಿ ಬಟ್ಟಲಿನ ಮೇಲೆ ಬರುವ ಹಾಗೆ ಹಾಳೆಯ ನಡುವೆ ಈ ಕಲ್ಲು ಇಟ್ಟರೆ ಹಾಳೆ ಅಲ್ಲಿ ತಗ್ಗಾಗುತ್ತದೆ. ಆದರೆ ಬಟ್ಟಲಿಗೆ ತಾಗಬಾರದು. ಕಲ್ಲಿನ ಸುತ್ತ ಐಸ್.

ಇನ್ನು ಸ್ವಲ್ಪ ಹೊತ್ತು ಕಾಯಬೇಕು. ಅಷ್ಟರಲ್ಲಿ ಇನ್ನೊಂದು ಕೆಲಸ ಮಾಡೋಣ.

ಈ ಒದ್ದೆ ಬಟ್ಟೆಯಿಂದ ಕರಿಹಲಗೆಯ ಮೇಲೆ ಎರಡು ಕಡೆ ಒರೆಸುತ್ತೇನೆ, ಒಂದು ಎಡಕ್ಕೆ, ಒಂದು ಬಲಕ್ಕೆ. ಎಡಗಡೆಯದಕ್ಕೆ ನೀನು ರಟ್ಟಿನಿಂದ ಗಾಳಿ ಬೀಸು. ಬಲಗಡೆಯದನ್ನು ಸುಮ್ನೆ ಬಿಟ್ಟುಬಿಡೋಣ. ಯಾವುದು ಮೊದಲು ಒಣಗುತ್ತದೆ? ಕೈ ಎತ್ತಿ. ಹೆಚ್ಚು ಜನ ಗಾಳಿ ಬೀಸಿದ್ದು ಅಂತೀರಿ. ನೋಡಿ, ಎಡಗಡೆ ಆಗಲೇ ಮಾಸುತ್ತಾ ಬಂತು.

ಹಲಗೆಯ ನೀರು ಎಲ್ಲಿಗೆ ಹೋಯಿತು? ಹಲಗೆ ಕುಡಿಯಿತು ಅಂದೆಯಾ? ಹಾಗಾದರೆ ಗಾಳಿ ಬೀಸಿದ ಕಡೆ ಯಾಕೆ ಬೇಗ ಕುಡಿಯಿತು? ಯೋಚನೆ ಮಾಡು. ನೀರು ಗಾಳಿಗೆ ಸೇರಿತು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಗಾಳಿಯಲ್ಲಿ ಬೆರೆಯಿತು. ಇದೇ ಆವಿ. ನೀರು ಆವಿಯಾಗುವುದನ್ನು ನಿಮ್ಮ ಪುಸ್ತಕ ಆವೀಕರಣ ಎನ್ನುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಹಲಗೆಯ ಕೆಳಗೆ ಒಲೆ ಇತ್ತಾ? ಇಲ್ಲ. ನೀರು ಕುದಿದರೆ ಮಾತ್ರ ಆವಿಯಾಗುತ್ತದೆ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ತಣ್ಣೀರೂ ಆವಿಯಾಗುತ್ತದೆ. ಬಿಸಿ ಇದ್ದರೆ ಬೇಗ, ಗಾಳಿ ಬೀಸಿದರೆ ಬೇಗ, ಅಷ್ಟೇ. ಡಬರಿಗೆ ಬಿಸಿನೀರು ಹಾಕಿದ್ದು ಕೆಲಸ ಬೇಗ ಆಗಲಿ ಅಂತ. ನಿಜವಾದ ಸಮುದ್ರ ಹೀಗೆ ಸುಡುವುದಿಲ್ಲ. ಅದಕ್ಕೆ ಸೂರ್ಯನ ಕಾವು ಸಾಕು.

ಹಾಗಾದರೆ ಹೇಳಿ, ಜುಲೈ ತಿಂಗಳಲ್ಲಿ ನಮ್ಮೂರಲ್ಲಿ ಬಟ್ಟೆ ಒಣಗುತ್ತದಾ? ಇಲ್ಲ! ಯೂನಿಫಾರ್ಮನ್ನು ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಾರೆ ಅಂದೆ, ಸರಿಯಾಗಿ ಹೇಳಿದೆ. ಹೊಗೆ ವಾಸನೆ ಬರುತ್ತದೆ ಅಂತಲೂ ಗೊತ್ತು. ಯಾಕೆ ಒಣಗುವುದಿಲ್ಲ? ಬಿಸಿಲಿಲ್ಲ, ಅದು ಒಂದು. ಇನ್ನೊಂದು, ಆಗ ಗಾಳಿಯಲ್ಲಿ ಆಗಲೇ ಆವಿ ತುಂಬಿಕೊಂಡಿರುತ್ತದೆ. ಬಟ್ಟೆಯ ನೀರಿಗೆ ಅಲ್ಲಿ ಜಾಗ ಸಿಗುವುದು ಕಷ್ಟ. ಈಗ ಅಕ್ಟೋಬರ್, ಬಿಸಿಲಿದೆ, ಗಾಳಿ ಒಣಗಿದೆ. ಬೆಳಿಗ್ಗೆ ಹಾಕಿದ ಬಟ್ಟೆ ಮಧ್ಯಾಹ್ನಕ್ಕೆ ಗರಿಗರಿ.

(ಮಕ್ಕಳು ಡಬರಿಯ ಕಡೆ ಬೆರಳು ತೋರಿಸುತ್ತಾರೆ.)

ಹೌದು, ಹಾಳೆ ಮಸುಕಾಯಿತು! ಒಳಗಿನಿಂದ ಮಂಜು ಹಿಡಿದ ಹಾಗೆ ಕಾಣುತ್ತಿದೆ. ಆ ಮಸುಕು ಏನು? ಹೊಗೆಯಾ? ಹತ್ತಿರದಿಂದ ನೋಡಿ, ಮುಟ್ಟಬೇಡಿ. ಸಣ್ಣ ಸಣ್ಣ ಹನಿಗಳು. ಐಸ್ ಇರುವ ಕಡೆ ಹನಿ ದಪ್ಪ, ಅಂಚಿನಲ್ಲಿ ಸಣ್ಣ. ಡಬರಿಯಿಂದ ಮೇಲೆ ಹೋದ ಆವಿಗೆ ತಣ್ಣನೆಯ ಹಾಳೆ ಸಿಕ್ಕಿತು. ತಂಪಾದ ಆವಿ ಮತ್ತೆ ನೀರಾಯಿತು. ಇದಕ್ಕೆ ಸಾಂದ್ರೀಕರಣ ಅಂತ ಹೆಸರು. ಬಾಯಿ ತಿರುಗದಿದ್ದರೆ ಪರವಾಗಿಲ್ಲ, ಆವಿ ತಂಪಾಗಿ ನೀರಾಗುವುದು ಅಂತ ಬರೆದರೂ ಪೂರ್ತಿ ಅಂಕ ಕೊಡುತ್ತೇನೆ.

ಒಳ್ಳೆಯ ಪ್ರಶ್ನೆ ಕೇಳಿದೆ ನೀನು, ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳು. ಐಸ್ ಕರಗಿ ಹಾಳೆಯಿಂದ ಒಳಗೆ ಸೋರಿರಬಹುದಲ್ವಾ ಅಂತ. ಸೋರಿರಬಹುದು! ಗೊತ್ತು ಮಾಡಿಕೊಳ್ಳುವುದು ಹೇಗೆ? ಐಸ್ ಇಡದೇ ಮಾಡಿ ನೋಡಬೇಕು ಅಂತ ಹಿಂದಿನಿಂದ ಯಾರೋ ಹೇಳಿದರು. ಶಾಭಾಸ್. ನಾಳೆ ಹಾಗೇ ಮಾಡೋಣ, ಐಸ್ ಇಲ್ಲದೆ, ಬರೀ ಕಲ್ಲು ಇಟ್ಟು. ಹನಿ ನಿಧಾನವಾಗಿ ಬರುತ್ತದೆ, ಆದರೆ ಬರುತ್ತದಾ ಇಲ್ಲವಾ ನೀವೇ ನೋಡಿ. ಹೀಗೆ ಅನುಮಾನ ಪಡುವುದು ನನಗೆ ತುಂಬಾ ಇಷ್ಟ.

ಈಗ ಹನಿಗಳು ಒಂದಕ್ಕೊಂದು ಸೇರಿ ದಪ್ಪವಾದವು. ತಗ್ಗಿನ ಕಡೆ ಜಾರುತ್ತಿವೆ. ಶ್... ಕಿವಿ ಕೊಡಿ. ಟಪ್. ಕೇಳಿಸಿತಾ? ಬಟ್ಟಲಿಗೆ ಬಿತ್ತು. ಮಳೆ!

ಬೀಳುತ್ತಿರಲಿ. ಅಲ್ಲಿವರೆಗೆ ನಿಜವಾದ ಮಳೆಯ ದಾರಿ ಹೇಳುತ್ತೇನೆ.

ಭೂಮಿಯ ಮೇಲಿನ ನೀರಿನಲ್ಲಿ 100ಕ್ಕೆ ಸುಮಾರು 97 ಭಾಗ ಸಮುದ್ರದ ಉಪ್ಪುನೀರು. ನಮಗೆ ಹತ್ತಿರದ್ದು ಅರಬ್ಬಿ ಸಮುದ್ರ, ಘಟ್ಟ ಇಳಿದರೆ ಸಿಗುತ್ತದೆ. ಬಿಸಿಲಿಗೆ ಸಮುದ್ರದ ನೀರು ಆವಿಯಾಗುತ್ತದೆ. ಜೂನ್‌ನಲ್ಲಿ ನೈಋತ್ಯದಿಂದ, ಅಂದರೆ ದಕ್ಷಿಣ ಮತ್ತು ಪಶ್ಚಿಮದ ನಡುವಿನಿಂದ, ಜೋರಾದ ಗಾಳಿ ಆ ಆವಿಯನ್ನು ಹೊತ್ತು ತರುತ್ತದೆ. ಕರಾವಳಿ ದಾಟಿದ ಕೂಡಲೇ ಎದುರಿಗೆ ಏನು ಸಿಗುತ್ತದೆ? ಘಟ್ಟ. ಗೋಡೆಯ ಹಾಗೆ ನಿಂತಿದೆ. ಗಾಳಿ ಅದನ್ನು ಹತ್ತಲೇಬೇಕು. ಮೇಲೆ ಮೇಲೆ ಹೋದಂತೆ ಗಾಳಿ ತಂಪಾಗುತ್ತದೆ, ಒಂದು ಕಿಲೋಮೀಟರ್ ಎತ್ತರಕ್ಕೆ ಸುಮಾರು 6 ಡಿಗ್ರಿ. ನಮ್ಮ ಐಸ್ ಮಾಡಿದ ಕೆಲಸವನ್ನು ಅಲ್ಲಿ ಎತ್ತರವೇ ಮಾಡುತ್ತದೆ.

ತಂಪಾದ ಆವಿ ಗಾಳಿಯಲ್ಲಿರುವ ಧೂಳು, ಉಪ್ಪಿನ ಕಣಗಳ ಮೇಲೆ ಕೂತು ಹನಿಯಾಗುತ್ತದೆ. ಕೋಟಿಗಟ್ಟಲೆ ಇಂಥ ಹನಿಗಳು ಸೇರಿದರೆ ಅದೇ ಮೋಡ. ಮೋಡ ಅಂದರೆ ಆವಿ ಅಲ್ಲ, ನೆನಪಿಡಿ. ಆವಿ ಕಾಣುವುದೇ ಇಲ್ಲ. ಬೆಳಿಗ್ಗೆ ಬಚ್ಚಲುಮನೆಯ ಹಂಡೆಯಿಂದ ಬೆಳ್ಳಗೆ ಏಳುತ್ತದಲ್ಲ, ಆ ಹಬೆಯೂ ಸಣ್ಣ ನೀರಹನಿಗಳೇ.

ಮೋಡದ ಹನಿ ಯಾಕೆ ಕೂಡಲೇ ಬೀಳುವುದಿಲ್ಲ? ಅದು ತುಂಬಾ ಸಣ್ಣದು. ಒಂದು ಮಳೆಹನಿ ಆಗಬೇಕಾದರೆ ಸುಮಾರು 10 ಲಕ್ಷ ಮೋಡದ ಹನಿಗಳು ಒಟ್ಟಾಗಬೇಕು. ಅಲ್ಲಿವರೆಗೆ ಮೇಲೇಳುವ ಗಾಳಿ ಅವನ್ನು ತೇಲಿಸಿಕೊಂಡೇ ಇರುತ್ತದೆ.

ಘಟ್ಟ ಹತ್ತುವ ಗಾಳಿ ಇಲ್ಲೇ ಮಳೆ ಸುರಿಸುವುದರಿಂದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಆ ನೀರೆಲ್ಲ ಹರಿಯದೆ ನಿಂತರೆ ಎಷ್ಟು ಎತ್ತರ ಗೊತ್ತಾ? 7 ಮೀಟರ್. ನಮ್ಮ ಶಾಲೆಯ ಹೆಂಚು ಮುಳುಗುತ್ತದೆ! ಅದೇ ಗಾಳಿ ಘಟ್ಟ ದಾಟಿ ಚಳ್ಳಕೆರೆ ಕಡೆ ಹೋಗುವಾಗ ಅದರಲ್ಲಿ ಹೆಚ್ಚು ನೀರು ಉಳಿದಿರುವುದಿಲ್ಲ. ಅಲ್ಲಿ ವರ್ಷಕ್ಕೆ ಸುಮಾರು 500 ಮಿಲಿಮೀಟರ್. ಅಲ್ಲಿನ ಮಕ್ಕಳು ಮಳೆಗೆ ರಜೆ ಸಿಗಲಿ ಅಂತ ಕೇಳುವುದಿಲ್ಲ, ಮಳೆ ಬರಲಿ ಅಂತ ಕೇಳುತ್ತಾರೆ.

ಬಿದ್ದ ನೀರು ಎಲ್ಲಿಗೆ ಹೋಗುತ್ತದೆ? ಸ್ವಲ್ಪ ಮಣ್ಣಿನೊಳಗೆ ಇಳಿದು ಬಾವಿಗೆ ಬರುತ್ತದೆ. ಸ್ವಲ್ಪ ಬೇರಿನಿಂದ ಮರ ಹತ್ತಿ ಎಲೆಗಳ ಮೂಲಕ ಮತ್ತೆ ಆವಿಯಾಗುತ್ತದೆ, ಹೊಳೆಯನ್ನೇ ನೋಡುವುದಿಲ್ಲ. ಉಳಿದದ್ದು ಗದ್ದೆ, ಹಳ್ಳ, ಹೊಳೆ.

ನಮ್ಮ ತಾಲ್ಲೂಕಿನದು ಒಂದು ವಿಶೇಷ ಇದೆ. ತೀರ್ಥಹಳ್ಳಿ ಪೇಟೆಯ ಪಕ್ಕದಲ್ಲಿ ಹರಿಯುವ ಹೊಳೆ ಯಾವುದು? ತುಂಗೆ. ಅದು ಶಿವಮೊಗ್ಗ ದಾಟಿ ಕೂಡ್ಲಿಯಲ್ಲಿ ಭದ್ರೆಯನ್ನು ಸೇರುತ್ತದೆ. ಆಮೇಲೆ ತುಂಗಭದ್ರಾ. ಹೊಸಪೇಟೆಯ ಅಣೆಕಟ್ಟು ದಾಟಿ ಕೃಷ್ಣೆಗೆ ಸೇರಿ, ಆಂಧ್ರದಲ್ಲಿ ಬಂಗಾಳಕೊಲ್ಲಿಗೆ ಹೋಗುತ್ತದೆ. ಪಶ್ಚಿಮದ ಸಮುದ್ರದಿಂದ ಗಾಳಿಯಲ್ಲಿ ಬಂದ ನೀರು ಪೂರ್ವದ ಸಮುದ್ರಕ್ಕೆ ಹೊಳೆಯಲ್ಲಿ ಹೋಯಿತು! ಅಂಬುತೀರ್ಥಕ್ಕೆ ಯಾರು ಹೋಗಿದ್ದೀರಿ? ಅಲ್ಲಿ ಹುಟ್ಟುವುದು ಶರಾವತಿ. ಅದು ಜೋಗದಲ್ಲಿ ಧುಮುಕಿ ಹೊನ್ನಾವರದಲ್ಲಿ ಅರಬ್ಬಿ ಸಮುದ್ರಕ್ಕೇ ವಾಪಸ್. ಒಂದೇ ಮೋಡದಿಂದ, ಒಂದೇ ತಾಲ್ಲೂಕಿನಲ್ಲಿ ಬಿದ್ದ ಎರಡು ಹನಿ ಎರಡು ಬೇರೆ ಸಮುದ್ರ ಸೇರಬಹುದು. ಎರಡೂ ಕಡೆ ಮತ್ತೆ ಬಿಸಿಲು, ಮತ್ತೆ ಆವಿ. ಹೀಗೆ ಸುತ್ತುತ್ತಲೇ ಇರುವುದಕ್ಕೆ ಜಲಚಕ್ರ ಅನ್ನುತ್ತೇವೆ.

ಈಗ ಐಸ್ ಮತ್ತು ಅದರ ನೀರನ್ನು ಬಟ್ಟೆಯಿಂದ ಒರೆಸಿ ತೆಗೆಯುತ್ತೇನೆ, ಬಟ್ಟಲಿಗೆ ಬೀಳಬಾರದು. ದಾರ ಬಿಚ್ಚಿದೆ. ನೋಡಿ, ಬಟ್ಟಲಿನ ತಳದಲ್ಲಿ ನೀರಿದೆ. ಸ್ವಲ್ಪವೇ, ಆದರೆ ಇದೆ. ಬಣ್ಣ? ಹಳದಿ ಇಲ್ಲ! ಬಾ ಪುಟ್ಟಿ, ಆಗ ರುಚಿ ನೋಡಿದವಳು ನೀನೇ, ಈಗಲೂ ನೀನೇ ಹೇಳಬೇಕು. ಸಪ್ಪೆ. ಉಪ್ಪು, ಅರಿಶಿನ ಎರಡೂ ಡಬರಿಯಲ್ಲೇ ಉಳಿದವು. ನೀರು ಮಾತ್ರ ಮೇಲೆ ಹೋಗಿ ಬಂತು. ಉಪ್ಪಿನ ಸಮುದ್ರದಿಂದ ಸಿಹಿನೀರಿನ ಮಳೆ ಬರುವುದು ಹೀಗೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಇದೇ ಕೆಲಸ ಉಪ್ಪಿಗಾಗಿ ನಡೆಯುತ್ತದೆ. ಕಟ್ಟೆ ಕಟ್ಟಿ ಸಮುದ್ರದ ನೀರು ನಿಲ್ಲಿಸುತ್ತಾರೆ, ನೀರು ಆವಿಯಾಗಿ ಹೋಗುತ್ತದೆ, ಉಪ್ಪನ್ನು ಗೋರಿಕೊಳ್ಳುತ್ತಾರೆ.

ಎಲೆಯಿಂದ ನೀರು ಆವಿಯಾಗುತ್ತದೆ ಅಂದೆನಲ್ಲ, ಅದನ್ನು ನಂಬಬೇಡಿ, ನೋಡಿ. ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಅಂಗಳದ ಪೇರಲೆ ಗಿಡದ ಒಂದು ಕೊಂಬೆಗೆ ಪ್ಲಾಸ್ಟಿಕ್ ಚೀಲ ತೊಡಿಸಿ ಬಾಯಿ ಕಟ್ಟಿದ್ದೇನೆ. ಕಟ್ಟುವಾಗ ಎಲೆ, ಚೀಲ ಎರಡೂ ಒಣಗಿದ್ದವು, ಬಿಸಿಲು ಚೆನ್ನಾಗಿ ಬೀಳುತ್ತಿದೆ. ಐದನೇ ತರಗತಿಯವರು ಮೊದಲು ಹೋಗಿ, ನಾಲ್ಕನೆಯವರು ಆಮೇಲೆ. ಕೊಂಬೆ ಎಳೆಯಬೇಡಿ. ಚೀಲದ ಒಳಗೆ ಏನು ಕಂಡಿತು ಅಂತ ಚಿತ್ರ ಬರೆದು ತನ್ನಿ, ಊಟದ ಬೆಲ್ ಆಗುವುದರೊಳಗೆ.