ವಿಷಯ: 14ನೇ ನಂಬರ್ ಲಾರಿ ಮೂರು ತಿಂಗಳಲ್ಲಿ ಐದು ಸಲ ದಾರಿಯಲ್ಲಿ ನಿಂತಿದೆ – ಬಿಡಿಭಾಗ ಬದಲಿಸುವ ಮುನ್ನ ಇಜಿಆರ್ ಕೂಲರ್ ಪರೀಕ್ಷಿಸಿ

ಗೆ: ವರ್ಕ್ಸ್ ಮ್ಯಾನೇಜರ್
ಪ್ರತಿ: ಸರ್ವಿಸ್ ಅಡ್ವೈಸರ್, ನಮ್ಮ ಲೆಕ್ಕಪತ್ರ ವಿಭಾಗ
ದಿನಾಂಕ: 9 ಸೆಪ್ಟೆಂಬರ್ 2025

ನಮಸ್ಕಾರ ಸರ್,

ನಮ್ಮ ಹುಬ್ಬಳ್ಳಿ ಡಿಪೋದ 14ನೇ ನಂಬರ್ ಗಾಡಿ (ಬಿಎಸ್6, 28 ಟನ್, 6 ಸಿಲಿಂಡರ್) ನಿನ್ನೆ ಅರಬೈಲ್ ಘಾಟಿಯಲ್ಲಿ ಮತ್ತೆ ಬಿಸಿಯಾಗಿ ನಿಂತಿತು. ಜೂನ್‌ನಿಂದ ಇದು ಐದನೆಯ ಸಲ. ನಾಲ್ಕು ಸಲ ನಿಮ್ಮಲ್ಲೇ ಕೆಲಸವಾಗಿದೆ. ಎರಡು ಜಾಬ್ ಕಾರ್ಡ್‌ಗಳಲ್ಲಿ 'ಓವರ್‌ಹೀಟಿಂಗ್', ಇನ್ನೆರಡರಲ್ಲಿ 'ಡಿಪಿಎಫ್ ಬ್ಲಾಕ್' ಎಂದು ಬೇರೆ ಬೇರೆ ದೂರುಗಳಾಗಿ ದಾಖಲಾಗಿವೆ. ದಿನಾಂಕ, ಕಿಲೋಮೀಟರ್, ಕೂಲಂಟ್ ಲೆಕ್ಕ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಇವು ಒಂದೇ ದೋಷದ ಎರಡು ಮುಖ ಎಂದು ನಮಗೆ ಅನಿಸುತ್ತಿದೆ.

11 ಜೂನ್, 1,84,320 ಕಿ.ಮೀ.: ಮಂಗಳೂರಿನಿಂದ 18 ಟನ್ ಗೊಬ್ಬರ ಹೇರಿಕೊಂಡು ಅಂಕೋಲಾ ಕಡೆಯಿಂದ ಘಾಟಿ ಹತ್ತುವಾಗ ಮೊದಲು ಕೂಲಂಟ್ ಕಡಿಮೆ ಎಂಬ ಸೂಚನೆ (SPN 111 FMI 1), ಆಮೇಲೆ ಟೆಂಪರೇಚರ್ ಮುಳ್ಳು ಕೆಂಪಿಗೆ. ನೀವು ಥರ್ಮೋಸ್ಟಾಟ್ ಮತ್ತು ಎಕ್ಸ್‌ಪ್ಯಾನ್ಶನ್ ಟ್ಯಾಂಕ್ ಮುಚ್ಚಳ ಬದಲಿಸಿ ಕೂಲಂಟ್ ತುಂಬಿದಿರಿ.

3 ಜುಲೈ, 1,88,950 ಕಿ.ಮೀ.: ಕಲಘಟಗಿ ಹತ್ತಿರ ಡಿಪಿಎಫ್ ದೀಪ ಹತ್ತಿ ಪಿಕಪ್ ಬಿತ್ತು (SPN 3719 FMI 16). ಫೋರ್ಸ್ಡ್ ರೀಜನ್ ಮಾಡಿ, ಡಿಫರೆನ್ಷಿಯಲ್ ಪ್ರೆಶರ್ ಸೆನ್ಸರ್ ಬದಲಿಸಲಾಯಿತು.

24 ಜುಲೈ, 1,93,400 ಕಿ.ಮೀ.: ಅದೇ ಘಾಟಿ, ಅಷ್ಟೇ ಲೋಡು, SPN 110 FMI 0. ಟೋ ಮಾಡಿ ತರಬೇಕಾಯಿತು. ವಾಟರ್ ಪಂಪ್, ಬೆಲ್ಟ್ ಹೊಸದು. ರೇಡಿಯೇಟರ್ ಬಿಚ್ಚಿ ತೊಳೆದಿರಿ. ತಣ್ಣಗಿನ ಎಂಜಿನ್‌ನಲ್ಲಿ ಹತ್ತು ನಿಮಿಷ ಪ್ರೆಶರ್ ಟೆಸ್ಟ್ ಮಾಡಿ 'ಲೀಕ್ ಇಲ್ಲ' ಎಂದು ಕಾರ್ಡ್‌ನಲ್ಲಿ ಬರೆದಿದೆ.

19 ಆಗಸ್ಟ್, 1,98,610 ಕಿ.ಮೀ.: ಯಲ್ಲಾಪುರ ದಾಟಿದ ಮೇಲೆ ಡಿಪಿಎಫ್ ಮತ್ತೆ ಕಟ್ಟಿತು. ಫೋರ್ಸ್ಡ್ ರೀಜನ್ ಅರ್ಧಕ್ಕೇ ನಿಂತಿದ್ದರಿಂದ ಫಿಲ್ಟರ್ ಬಿಚ್ಚಿ ಹೊರಗೆ ಸ್ವಚ್ಛ ಮಾಡಿಸಿದಿರಿ.

8 ಸೆಪ್ಟೆಂಬರ್, 2,02,180 ಕಿ.ಮೀ.: ಜುಲೈ 24ರ ಲಕ್ಷಣವೇ. ಗಾಡಿ ಈಗ ನಮ್ಮ ಯಾರ್ಡ್‌ನಲ್ಲಿದೆ. ಕೋಡ್‌ಗಳನ್ನು ಅಳಿಸಿಲ್ಲ.

ಹೊರಗೆ ಎಲ್ಲೂ ಹನಿ ಬೀಳುತ್ತಿಲ್ಲ, ಹೋಸ್, ಕ್ಲಿಪ್, ಹೀಟರ್ ಲೈನ್ ಎಲ್ಲ ಒಣಗಿವೆ. ಆದರೂ ಕೂಲಂಟ್ ಹೋಗುತ್ತಿದೆ. ಡ್ರೈವರ್ ಟಾಪ್‌ಅಪ್ ಪುಸ್ತಕದ ಪ್ರಕಾರ ಜೂನ್ 11ರಿಂದ ಜುಲೈ 24ರವರೆಗೆ 9,080 ಕಿ.ಮೀ.ಗೆ 9 ಲೀಟರ್. ವಾಟರ್ ಪಂಪ್ ಬದಲಿಸಿದ ನಂತರ ಆಗಸ್ಟ್ 19ರವರೆಗೆ 5,210 ಕಿ.ಮೀ.ಗೆ 5.5 ಲೀಟರ್. ಅಂದರೆ ಪಂಪ್ ಬದಲಾದರೂ ಸಾವಿರ ಕಿಲೋಮೀಟರ್‌ಗೆ ಒಂದು ಲೀಟರ್ ಎಂಬ ಲೆಕ್ಕ ಬದಲಾಗಲಿಲ್ಲ. ಆಮೇಲಿನ 3,570 ಕಿ.ಮೀ.ಗೆ 6 ಲೀಟರ್ ಕುಡಿದಿದೆ, ಸೋರಿಕೆ ಹೆಚ್ಚುತ್ತಿದೆ. ಹಾಕಿರುವುದು 50:50 ಪ್ರೀಮಿಕ್ಸ್, ಬರಿ ನೀರಲ್ಲ.

ಇದರ ಜೊತೆಗೆ, ಆಗಸ್ಟ್‌ನಿಂದ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಸೈಲೆನ್ಸರ್‌ನಿಂದ ಕೆಲ ನಿಮಿಷ ಬಿಳಿ ಹೊಗೆ, ಸಿಹಿ ವಾಸನೆ. ರಾತ್ರಿ ಎಂಜಿನ್ ಆಫ್ ಆದಾಗ ಕೂಲಂಟ್‌ನಲ್ಲಿ ಒತ್ತಡ ಉಳಿದಿರುತ್ತದೆ, ಎಕ್ಸಾಸ್ಟ್ ಕಡೆ ಏನೂ ಇರುವುದಿಲ್ಲ. ಇಜಿಆರ್ ಕೂಲರ್ ಟ್ಯೂಬ್ ಸೀಳಿದ್ದರೆ ಕೂಲಂಟ್ ಆಗ ಒಳಗಿಳಿಯುತ್ತದೆ. ಅದು ಮಸಿಯೊಂದಿಗೆ ಸೇರಿ ಅಂಟಾಗುತ್ತದೆ, ಅದರ ರಾಸಾಯನಿಕ ಶೇಷ ರೀಜನ್‌ನಲ್ಲಿ ಉರಿದುಹೋಗದೆ ಡಿಪಿಎಫ್‌ನಲ್ಲೇ ಕೂರುತ್ತದೆ. ಮಟ್ಟ ಇಳಿದು ಗಾಳಿ ಸೇರಿದ ಮೇಲೆ ಲೋಡಿನ ಏರಿನಲ್ಲಿ ಎಂಜಿನ್ ಬಿಸಿಯಾಗುವುದು ಸಹಜ. ಬಯಲಿನಲ್ಲಿ ಇದೇ ಗಾಡಿ ತಕರಾರಿಲ್ಲದೆ ಓಡುತ್ತದೆ. ಅದೇ ಮಾಡೆಲ್‌ನ, ಅದೇ ದಾರಿಯ ನಮ್ಮ 11ನೇ ನಂಬರ್‌ಗೆ ಈ ಅವಧಿಯಲ್ಲಿ ಒಮ್ಮೆಯೂ ಫೋರ್ಸ್ಡ್ ರೀಜನ್ ಬೇಕಾಗಿಲ್ಲ.

ತಣ್ಣಗಿನ ಪ್ರೆಶರ್ ಟೆಸ್ಟ್‌ನಲ್ಲಿ ಪಾಸಾಗಿದೆ ಎಂಬುದನ್ನು ಈ ವಿಷಯದಲ್ಲಿ ನಾವು ಪುರಾವೆಯಾಗಿ ಒಪ್ಪುವುದಿಲ್ಲ. ಕೂದಲೆಳೆಯ ಬಿರುಕು ಲೋಹ ಬಿಸಿಯಾದಾಗ ಮಾತ್ರ ಬಾಯಿ ಬಿಡಬಹುದು.

ಹಾಗಾಗಿ ಈ ಕ್ರಮದಲ್ಲಿ ನೋಡಬೇಕೆಂದು ಕೋರಿಕೆ. ಗಾಡಿಯನ್ನು 11ರಂದು ಟೋ ಮಾಡಿ ಕಳಿಸುತ್ತೇವೆ. ದಯವಿಟ್ಟು ಸ್ಟಾರ್ಟ್ ಮಾಡಬೇಡಿ. ಇಂಟೇಕ್ ಮೂಲಕ ಸಿಲಿಂಡರ್‌ನಲ್ಲಿ ಕೂಲಂಟ್ ನಿಂತಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಮೇಲೆ ಖರ್ಚಿನ ಲೆಕ್ಕವೇ ಬೇರೆ. ಮೊದಲು ಇಗ್ನಿಷನ್ ಮಾತ್ರ ಆನ್ ಮಾಡಿ ಕೋಡ್ ಮತ್ತು ಫ್ರೀಜ್ ಫ್ರೇಮ್ ಪ್ರಿಂಟ್ ತೆಗೆಯಿರಿ. ಬಳಿಕ ಇಜಿಆರ್ ವಾಲ್ವ್ ಮತ್ತು ಕೂಲರ್ ಪೈಪ್ ಬಿಚ್ಚಿ ಒಳಗೆ ಒದ್ದೆ, ಬಿಳಿ ಕರೆ ಅಥವಾ ಕೆಸರಿನಂಥ ಮಸಿ ಇದೆಯೇ ನೋಡಿ ಫೋಟೊ ಕಳಿಸಿ. ಕೂಲರ್ ಹೊರತೆಗೆದು, ಕೂಲಂಟ್ ಬಾಯಿಗಳನ್ನು ಮುಚ್ಚಿ, ಸುಮಾರು 80 ಡಿಗ್ರಿ ಬಿಸಿನೀರಿನಲ್ಲಿ ಮುಳುಗಿಸಿ, ತಯಾರಕರ ಮ್ಯಾನ್ಯುಅಲ್ ಹೇಳುವ ಒತ್ತಡದ ಗಾಳಿ ಕೊಟ್ಟು ಗುಳ್ಳೆ ನೋಡಿ. ನಮ್ಮವರೊಬ್ಬರು ಪಕ್ಕದಲ್ಲಿರುತ್ತಾರೆ.

ಅದೇ ಹೊತ್ತಿಗೆ ಏರ್ ಟ್ಯಾಂಕ್ ಡ್ರೇನ್ ಮಾಡಿ ನೋಡಿ. ನೀರು ತಂಪಿಸುವ ಏರ್ ಕಂಪ್ರೆಸರ್‌ನ ಹೆಡ್ ಸೋರಿದರೂ ಕೂಲಂಟ್ ಹೀಗೆಯೇ ಗುಟ್ಟಾಗಿ ಹೋಗುತ್ತದೆ. ಎಂಜಿನ್ ಆಯಿಲ್ ಸ್ಯಾಂಪಲ್ ಕೂಡ ಬೇಕು: ಗ್ಲೈಕಾಲ್ ಒಂದು, ಡೀಸೆಲ್ ಬೆರಕೆ ಇನ್ನೊಂದು. ಪದೇ ಪದೇ ರೀಜನ್ ಆದಾಗ ಡೀಸೆಲ್ ಆಯಿಲ್‌ಗೆ ಇಳಿಯುವ ಸಂಭವವಿದೆ, ಡಿಪ್‌ಸ್ಟಿಕ್ ಮಟ್ಟ ಈಗ ಮೇಲಿನ ಗುರುತು ದಾಟಿದೆ.

ಕೂಲರ್ ಪಾಸಾದರೆ ಮಾತ್ರ, ಸಿಲಿಂಡರ್‌ಗಳಲ್ಲಿ ಕೂಲಂಟ್ ಇಲ್ಲ ಎಂದು ಖಚಿತಪಡಿಸಿಕೊಂಡು, ಜೋಡಿಸಿ ಸ್ಟಾರ್ಟ್ ಮಾಡಿ ಹೆಡ್ ಗ್ಯಾಸ್ಕೆಟ್‌ಗಾಗಿ ಬ್ಲಾಕ್ ಟೆಸ್ಟ್ ಮಾಡಿ. ಕೂಲರ್ ಸೋರುತ್ತಿರುವಾಗಲೇ ಆ ಟೆಸ್ಟ್ ಮಾಡಿದರೆ ಎಕ್ಸಾಸ್ಟ್ ಗ್ಯಾಸ್ ಅಲ್ಲಿಂದಲೇ ಕೂಲಂಟ್‌ಗೆ ನುಗ್ಗಿ ದ್ರವದ ಬಣ್ಣ ಬದಲಾಗುತ್ತದೆ, ಸುಮ್ಮನೆ ಹೆಡ್ ಇಳಿಸಿದಂತಾಗುತ್ತದೆ.

ದೋಷ ಕೂಲರ್‌ನದೇ ಆಗಿದ್ದರೆ ಕೂಲರ್ ಮತ್ತು ಗ್ಯಾಸ್ಕೆಟ್‌ಗಳನ್ನು ಹೊಸದಾಗಿ ಹಾಕಿ. ಬೆಸುಗೆ ಹಾಕಿಸುವುದು ಬೇಡ. ಇಜಿಆರ್ ವಾಲ್ವ್ ಸ್ವಚ್ಛಗೊಳಿಸಿ, ಡಿಪಿಎಫ್ ತೂಕ ಮತ್ತು ಬ್ಯಾಕ್ ಪ್ರೆಶರ್ ಬರೆದುಕೊಡಿ, ಆಯಿಲ್-ಫಿಲ್ಟರ್ ಬದಲಿಸಿ. ಕೂಲಂಟ್ ತುಂಬುವಾಗ ಗಾಳಿ ಪೂರ್ತಿ ಹೊರಹೋಗುವವರೆಗೆ ಬ್ಲೀಡ್ ಮಾಡಿ. ಜೂನ್‌ನಲ್ಲಿ ತುಂಬಿದ ಮರುದಿನವೇ ಮಟ್ಟ ಇಳಿದಿತ್ತು. ಡೆಲಿವರಿಗೆ ಮುಂಚೆ ಸ್ಕ್ಯಾನರ್ ಹಚ್ಚಿಕೊಂಡು ಲೋಡ್ ಗಾಡಿಯಲ್ಲಿ ಅರಬೈಲ್ ಏರಬೇಕು. ಲೋಡನ್ನೂ ಡ್ರೈವರನ್ನೂ ನಾವು ಕೊಡುತ್ತೇವೆ. ಖಾಲಿ ಗಾಡಿಯನ್ನು ಬೈಪಾಸ್‌ನಲ್ಲಿ ಸುತ್ತಿಸಿದರೆ ಈ ದೋಷ ಕಾಣುವುದಿಲ್ಲ.

ಬಿಲ್ ವಿಷಯ: ನಾಲ್ಕು ಕೆಲಸಕ್ಕೂ ಹಣ ಪಾವತಿಯಾಗಿದೆ, ನಿಮ್ಮ ಬಿಲ್‌ನಲ್ಲಿ ಬಿಡಿಭಾಗಗಳಿಗೆ 6 ತಿಂಗಳ ವಾರಂಟಿ ಎಂದಿದೆ. ಪಂಪ್, ಥರ್ಮೋಸ್ಟಾಟ್, ಸೆನ್ಸರ್ ಮೂರರ ಹಳೆಯ ಭಾಗಗಳು ನಮಗೆ ವಾಪಸ್ ಬಂದಿಲ್ಲ. ಇದ್ದರೆ ಟ್ಯಾಗ್ ಕಟ್ಟಿ ಕೊಡಿ. ಹಳೆಯದರಲ್ಲಿ ದೋಷವೇ ಇರಲಿಲ್ಲ ಎಂದಾದರೆ ಆ ಲೇಬರ್ ಮೊತ್ತವನ್ನು ಹೊಸ ಬಿಲ್‌ನಲ್ಲಿ ಕಳೆಯಬೇಕು. ಈ ಸಲದ ಪರೀಕ್ಷೆಗಳ ಲೇಬರ್ ಕೊಡಲು ನಮ್ಮ ಆಕ್ಷೇಪವಿಲ್ಲ, ಆದರೆ ನಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಭಾಗವನ್ನೂ ಬದಲಿಸಬಾರದು.

10ರ ಸಂಜೆಯೊಳಗೆ ಬೇ ಖಾಲಿ ಇದೆಯೇ, ಇಜಿಆರ್ ಕೂಲರ್ ಸ್ಟಾಕ್ ಇದೆಯೇ, ಇಲ್ಲದಿದ್ದರೆ ಬರಲು ಎಷ್ಟು ದಿನ ಎಂದು ತಿಳಿಸಿ. ತಡವಾಗುವುದಿದ್ದರೆ 16ರಿಂದ ಬಾಡಿಗೆ ಗಾಡಿ ಗೊತ್ತು ಮಾಡಬೇಕಾಗುತ್ತದೆ. ಜಾಬ್ ಕಾರ್ಡ್‌ಗಳ ಪ್ರತಿ ಮತ್ತು ಟಾಪ್‌ಅಪ್ ಪುಸ್ತಕದ ಪುಟಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ವಂದನೆಗಳೊಂದಿಗೆ,
ಫ್ಲೀಟ್ ಮ್ಯಾನೇಜರ್
ಹುಬ್ಬಳ್ಳಿ ಡಿಪೋ