ಹೃದಯಾಘಾತದ ನಂತರ ಕೆಲಸಕ್ಕೆ ಮರಳುವ ಬಗ್ಗೆ ಕಾರ್ಖಾನೆ ವೈದ್ಯಾಧಿಕಾರಿಯ ಪತ್ರ

ದಿನಾಂಕ: 29 ಏಪ್ರಿಲ್ 2024
ಉದ್ಯಮಬಾಗ್, ಬೆಳಗಾವಿ

ಇವರಿಗೆ: ಸಿಬ್ಬಂದಿ ವ್ಯವಸ್ಥಾಪಕರು
ಪ್ರತಿ: ಫೌಂಡ್ರಿ ಮ್ಯಾನೇಜರ್, ಜನರಲ್ ಶಿಫ್ಟ್ ಸೂಪರ್‌ವೈಸರ್, ಮತ್ತು ಶ್ರೀ ಬಸವರಾಜ ಅವರಿಗೆ

ವಿಷಯ: ಶ್ರೀ ಬಸವರಾಜ, ಟೋಕನ್ ಸಂಖ್ಯೆ 218, ವಯಸ್ಸು 47, ಫರ್ನೇಸ್ ಆಪರೇಟರ್ – ಹಂತ ಹಂತವಾಗಿ ಕೆಲಸಕ್ಕೆ ಮರಳಲು ಫಿಟ್‌ನೆಸ್

ಮಾನ್ಯರೇ,

ಬಸವರಾಜ ಅವರು 6 ಮೇ 2024, ಸೋಮವಾರದಿಂದ ಕೆಲಸಕ್ಕೆ ಬರಬಹುದು. ಆದರೆ ಫರ್ನೇಸ್ ಮೇಲೆ ಅಲ್ಲ, ಪೂರ್ತಿ ಪಾಳಿಗೂ ಅಲ್ಲ. ಮೊದಲು ನಾಲ್ಕು ಗಂಟೆ, ಆಮೇಲೆ ಆರು, ಆಮೇಲೆ ಎಂಟು. ಕೆಲಸವೂ ಹಗುರದಿಂದ ಶುರುವಾಗಿ ಮೇಲೇರಬೇಕು. ಯಾಕೆ, ಹೇಗೆ ಅನ್ನೋದನ್ನು ಕೆಳಗೆ ಬರೆದಿದ್ದೇನೆ. ಈ ಪತ್ರವನ್ನು ಅವರ ಮುಂದೆ ಓದಿ ಹೇಳಿದ್ದೇನೆ. ಆರೋಗ್ಯದ ಇಷ್ಟು ವಿವರ ನಿಮಗೆ ಕೊಡಲು ಅವರು ಒಪ್ಪಿ ಸಹಿ ಹಾಕಿದ್ದಾರೆ. ಮೇಲೆ ಹೇಳಿದವರನ್ನು ಬಿಟ್ಟು ಬೇರೆ ಯಾರ ಕೈಗೂ ಇದು ಹೋಗಬಾರದು. ನೋಟಿಸ್ ಬೋರ್ಡಿಗಂತೂ ಬೇಡವೇ ಬೇಡ.

ಮಾರ್ಚ್ 5ರ ಬೆಳಗಿನ ಜಾವ, ರಾತ್ರಿ ಪಾಳಿಯಲ್ಲಿದ್ದಾಗ, ಅವರಿಗೆ ಎದೆ ಬಿಗಿದು ಎಡಗೈ ಜೋಮು ಹಿಡಿದಿತ್ತು. ಗ್ಯಾಸ್ ಇರಬೇಕು ಅಂದುಕೊಂಡು ಸೋಡಾ ಕುಡಿದು, ಎರಡು ಗಂಟೆ ಯಾರಿಗೂ ಹೇಳದೆ ಕೂತಿದ್ದರು. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ನಾಳ ಪೂರ್ತಿ ಮುಚ್ಚಿತ್ತು. ಅದೇ ಬೆಳಗ್ಗೆ ಮಣಿಕಟ್ಟಿನ ಮೂಲಕ ಆಂಜಿಯೋಪ್ಲಾಸ್ಟಿ ಮಾಡಿ ಒಂದು ಸ್ಟೆಂಟ್ ಹಾಕಿದ್ದಾರೆ. ಆಸ್ಪತ್ರೆಯಿಂದ ಬಿಟ್ಟಾಗ ಹೃದಯ ರಕ್ತ ಪಂಪ್ ಮಾಡುವ ಪ್ರಮಾಣ 42% ಇತ್ತು. ಏಪ್ರಿಲ್ 18ರ ಎಕೋದಲ್ಲಿ ಅದು 50% ಆಗಿದೆ. ಹೃದಯದ ಸ್ನಾಯು ಚೇತರಿಸಿಕೊಳ್ಳುತ್ತಿದೆ ಅಂತ ಅರ್ಥ. ಒಳ್ಳೆಯ ಸುದ್ದಿ ಇದು.

ಏಪ್ರಿಲ್ 24ರಂದು ಟ್ರೆಡ್‌ಮಿಲ್ ಪರೀಕ್ಷೆ ಆಯಿತು. ಏಳೂವರೆ ನಿಮಿಷ ನಡೆದರು. ನಿಲ್ಲಿಸಿದ್ದು ಕಾಲು ಸೋತು, ಎದೆನೋವಿನಿಂದ ಅಲ್ಲ. ಇಸಿಜಿಯಲ್ಲಿ ತೊಂದರೆ ಕಾಣಲಿಲ್ಲ. ಬಿಪಿ ಏರಬೇಕಾದಷ್ಟೇ ಏರಿತು. ಅವರ ತಾಕತ್ತು ಸುಮಾರು 8.5 ಮೆಟ್ ಎಂದು ಬಂದಿದೆ. ಮೆಟ್ ಅಂದರೆ ಸುಮ್ನೆ ಕೂತಾಗ ದೇಹ ಬಳಸುವ ಶಕ್ತಿಯ ಅಳತೆ. ಅದರ ಎಂಟೂವರೆ ಪಟ್ಟು ಶ್ರಮ ಅವರಿಂದ ಆಗುತ್ತದೆ. ಹಾಗಂತ ಅಷ್ಟನ್ನೂ ಇಡೀ ದಿನ ಮಾಡಿಸುವಂತಿಲ್ಲ. ಎಂಟು ಗಂಟೆಯ ಸರಾಸರಿ ಶ್ರಮ ಆ ತಾಕತ್ತಿನ 40% ಒಳಗೇ ಇರಬೇಕು ಎಂಬ ಲೆಕ್ಕವನ್ನು ನಾವು ಹಿಡಿಯುತ್ತೇವೆ. ಅಂದರೆ ಇವರಿಗೆ 3.4 ಮೆಟ್. ಕೂತು ಕಾಸ್ಟಿಂಗ್ ಪರೀಕ್ಷಿಸುವುದು, ಅಂಗಳದಲ್ಲಿ ನಿಧಾನ ಓಡಾಡುವುದು ಇದರೊಳಗೆ ಬರುತ್ತವೆ. ಉದ್ದನೆ ಸಲಾಕೆ ಹಿಡಿದು ಕಿಟ್ಟ ತೆಗೆಯುವುದು, ಸಲಿಕೆಯಲ್ಲಿ ಸ್ಕ್ರ್ಯಾಪ್ ಹಾಕುವುದು ಇದನ್ನು ಎಷ್ಟೋ ಮೀರುತ್ತವೆ. ಮೇಲೆ ಬಿಸಿ ಬೇರೆ.

ಬಿಸಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಫರ್ನೇಸ್ ಮುಂದೆ ನಿಂತ ದೇಹ ತಣ್ಣಗಾಗಲು ರಕ್ತವನ್ನು ಚರ್ಮದ ಕಡೆ ಓಡಿಸುತ್ತದೆ. ಕೈಗೆ ಕೆಲಸವಿಲ್ಲದಿದ್ದರೂ ಹೃದಯಕ್ಕೆ ದುಡಿಮೆ ತಪ್ಪುವುದಿಲ್ಲ. ಅವರ ಮಾತ್ರೆಗಳಲ್ಲಿ ಒಂದು ಬಿಪಿ ಇಳಿಸುತ್ತದೆ, ಇನ್ನೊಂದು ನಾಡಿ ಏರದಂತೆ ತಡೆಯುತ್ತದೆ. ಬೆವರಿ ನೀರು ಕಡಿಮೆಯಾದರೆ ತಲೆ ಸುತ್ತಿ ಬೀಳಬಹುದು. 1400 ಡಿಗ್ರಿ ದಾಟಿದ ಕಬ್ಬಿಣದ ಪಕ್ಕದಲ್ಲಿ ಬೀಳುವುದು ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಅಚ್ಚಿಗೆ ಕಬ್ಬಿಣ ಸುರಿದಾಗ ಮರಳಿನಲ್ಲಿರುವ ಕಲ್ಲಿದ್ದಲ ಪುಡಿ, ಕೋರಿನ ಅಂಟು ಸುಟ್ಟು ಕಾರ್ಬನ್ ಮಾನಾಕ್ಸೈಡ್ ಹೊರಡುತ್ತದೆ. ಅದು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಆರೋಗ್ಯವಂತರಿಗೆ ತಲೆನೋವು ಬರುವಷ್ಟೂ ಇಲ್ಲದ ಪ್ರಮಾಣದಲ್ಲೇ ಹೃದಯದ ರೋಗಿಗೆ ಎದೆ ಹಿಡಿಯಬಹುದು. ಆದ್ದರಿಂದ ಪೋರಿಂಗ್ ಬೇ, ಅಚ್ಚು ಆರುವ ಜಾಗ, ಶೇಕ್‌ಔಟ್ ಮೂರೂ ಕಡೆ ಸದ್ಯಕ್ಕೆ ಅವರು ಹೋಗಬಾರದು. ಫೆಟ್ಲಿಂಗ್ ಗ್ರೈಂಡರ್ ಕೂಡ ಬೇಡ. ರಕ್ತ ತೆಳುಮಾಡುವ ಎರಡು ಮಾತ್ರೆ ಒಟ್ಟಿಗೆ ತೆಗೆದುಕೊಳ್ಳುತ್ತಿರುವುದರಿಂದ ಸಣ್ಣ ಗಾಯದ ರಕ್ತವೂ ಬೇಗ ನಿಲ್ಲುವುದಿಲ್ಲ.

ಫೌಂಡ್ರಿ ಮ್ಯಾನೇಜರ್ ಒಂದು ಪ್ರಶ್ನೆ ಕೇಳಿದ್ದರು: ಇಂಡಕ್ಷನ್ ಫರ್ನೇಸಿನ ಅಯಸ್ಕಾಂತ ಕ್ಷೇತ್ರ ಸ್ಟೆಂಟಿಗೆ ತೊಂದರೆ ಕೊಡುತ್ತದೆಯೇ ಅಂತ. ಇಲ್ಲ. ಆ ಎಚ್ಚರ ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಬೇಕು. ಇವರಿಗೆ ಅದನ್ನು ಹಾಕಿಲ್ಲ.

ಏಪ್ರಿಲ್ 26ರಂದು ಅವರನ್ನು ಪರೀಕ್ಷಿಸಿದ ಮೇಲೆ ಇಬ್ಬರೂ ಶಾಪ್‌ಫ್ಲೋರ್‌ಗೆ ಹೋಗಿದ್ದೆವು. ಫರ್ನೇಸಿನಿಂದ ಇಪ್ಪತ್ತು ಅಡಿ ದೂರದಲ್ಲಿ ನಿಲ್ಲಿಸಿದೆ. ಅಲ್ಲಿ ಒಬ್ಬ ಹುಡುಗ ಕಿಟ್ಟ ತೆಗೆಯುತ್ತಿದ್ದ. ಇವರ ಎರಡೂ ಕೈ ತಾವಾಗಿಯೇ ಸಲಾಕೆ ಹಿಡಿದಂತೆ ಮುಷ್ಟಿ ಕಟ್ಟಿದವು. ಒಂದು ನಿಮಿಷದ ನಂತರ ಬಲಗೈ ಮೆಲ್ಲಗೆ ಎದೆ ಮೇಲಿನ ಜೇಬಿಗೆ ಹೋಯಿತು. ಅಲ್ಲಿ ನಾಲಿಗೆ ಕೆಳಗಿಡುವ ಮಾತ್ರೆ ಇದೆಯೋ ಇಲ್ಲವೋ ಅಂತ ಮುಟ್ಟಿ ನೋಡಿಕೊಂಡರು. ಕೆಲಸದ ಆಸೆಯೂ ಇದೆ, ಹೆದರಿಕೆಯೂ ಇದೆ. ಎರಡೂ ಸಹಜ. ನಾವು ಅವಸರ ಮಾಡಿದರೆ ಆಸೆ ಅವರನ್ನು ಫರ್ನೇಸಿಗೆ ತಳ್ಳುತ್ತದೆ. ಕರೆಯದೇ ಬಿಟ್ಟರೆ ಹೆದರಿಕೆ ಮನೆಯಲ್ಲೇ ಕೂರಿಸುತ್ತದೆ. ಹಂತಗಳನ್ನು ಮಾಡಿರುವುದು ಇದಕ್ಕಾಗಿಯೇ.

ಮೊದಲ ಹಂತ ಮೇ 6ರಿಂದ 19. ಬೆಳಗ್ಗೆ 9ರಿಂದ ಮಧ್ಯಾಹ್ನ 1. ಪ್ಯಾಟರ್ನ್ ಸ್ಟೋರಿನ ರಿಜಿಸ್ಟರ್, ಕೋರ್ ಪರೀಕ್ಷೆ, ಕೂತು ಮಾಡುವ ಕೆಲಸ. ಎತ್ತುವುದು 5 ಕಿಲೋ ಮೀರಬಾರದು. 7ನೇ ತಾರೀಕು ಮತದಾನದ ರಜೆ. ಮೊದಲ ದಿನದ ಮರುದಿನವೇ ವಿಶ್ರಾಂತಿ ಸಿಗುವುದು ಒಳ್ಳೆಯದೇ ಆಯಿತು.

ಎರಡನೇ ಹಂತ ಮೇ 20ರಿಂದ ಜೂನ್ 9. ದಿನಕ್ಕೆ ಆರು ಗಂಟೆ ಕೆಲಸ, ನಡುವೆ ಊಟದ ಬಿಡುವು. ಇಲ್ಲಿ ಅವರನ್ನು ಸ್ಯಾಂಡ್ ಲ್ಯಾಬ್‌ಗೆ ಹಾಕಿ ಎಂಬುದು ನನ್ನ ವಿನಂತಿ. ಮರಳಿನ ತೇವ, ಗಟ್ಟಿತನ, ಗಾಳಿ ಹಾಯುವ ಗುಣ ನೋಡುವ ಕೆಲಸ ಅವರಿಗೆ ಹೊಸದಲ್ಲ. ಹಿಡಿ ಮರಳು ಒತ್ತಿ ನೋಡಿ ತೇವ ಹೇಳುವವರು ಅವರು. ಇಪ್ಪತ್ತೆರಡು ವರ್ಷದ ಅನುಭವ ಇರುವವರನ್ನು ಗೇಟಿನ ಹತ್ತಿರ ಸ್ಟೂಲ್ ಹಾಕಿ ಕೂರಿಸಿದರೆ ದೇಹಕ್ಕೆ ಹಗುರವಾದರೂ ಮನಸ್ಸಿಗೆ ಆಗುವುದಿಲ್ಲ. ಸೊಂಟದ ಎತ್ತರದ ಮೇಜಿನಿಂದ 10 ಕಿಲೋ ತನಕ ಎತ್ತಬಹುದು. ಉಸಿರು ಬಿಗಿಹಿಡಿದು ಎತ್ತುವುದು ಬೇಡ. ಆಗ ಬಿಪಿ ದಿಢೀರ್ ಏರುತ್ತದೆ.

ಮೂರನೇ ಹಂತ ಜೂನ್ 10ರಿಂದ 30. ಜನರಲ್ ಶಿಫ್ಟಿನಲ್ಲಿ ಪೂರ್ತಿ ಎಂಟು ಗಂಟೆ. ಸ್ಯಾಂಡ್ ಪ್ಲಾಂಟಿನ ಪ್ಯಾನಲ್, ಫರ್ನೇಸ್ ಕಂಟ್ರೋಲ್ ಕ್ಯಾಬಿನ್ ಒಳಗಿನ ಕೆಲಸ ಕೊಡಬಹುದು. ಬಾಗಿಲು ಮುಚ್ಚಿರಬೇಕು, ಕೂಲರ್ ನಡೆಯುತ್ತಿರಬೇಕು. ಯಾರಾದರೂ ರಜೆ ಹಾಕಿದರು ಅಂತ ಹತ್ತು ನಿಮಿಷಕ್ಕೂ ಹೊರಗೆ ಕರೆಯಬಾರದು. ಎತ್ತುವ ಮಿತಿ 15 ಕಿಲೋ.

ಈ ತಾರೀಕುಗಳಿಗಿಂತ ಮುಂಚೆ ಮೇಲಿನ ಹಂತಕ್ಕೆ ಹೋಗುವಂತಿಲ್ಲ. ಮೇ 18 ಮತ್ತು ಜೂನ್ 8ರಂದು ನಾನು ನೋಡಿ ಬರೆದುಕೊಟ್ಟ ಮೇಲೆಯೇ ಮುಂದಿನದು. ಬೇಕಿದ್ದರೆ ಅದೇ ಹಂತದಲ್ಲಿ ಇನ್ನೊಂದು ವಾರ ಇರಲಿ. ಅದು ಸೋಲಲ್ಲ. ಅವರು ಸುಸ್ತಾಗಿದ್ದಾರೋ ಇಲ್ಲವೋ ಅಂತ ನಾಡಿ ಹಿಡಿದು ತಿಳಿಯಲು ಹೋಗಬೇಡಿ. ಮಾತ್ರೆಯಿಂದ ನಾಡಿ ಏರುವುದಿಲ್ಲ. ಕೆಲಸ ಮಾಡುತ್ತಾ ನಿಮ್ಮ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದೆಯೇ, ಅಷ್ಟು ನೋಡಿ. ಮಾತು ತುಂಡಾದರೆ ಕೆಲಸ ನಿಲ್ಲಿಸಿ ಕೂರಿಸಿ.

ರಾತ್ರಿ ಪಾಳಿ ಮತ್ತು ಓವರ್‌ಟೈಮ್ ಸೆಪ್ಟೆಂಬರ್ ಕೊನೆಯ ತನಕ ಇಲ್ಲ. ಅವರ ಒಂದು ಮಾತ್ರೆ ಹನ್ನೆರಡು ಗಂಟೆಗೊಮ್ಮೆ ತಪ್ಪದೆ ಬೀಳಬೇಕು. ಅದು ತಪ್ಪಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟುವ ಭಯವಿದೆ. ಪಾಳಿ ಬದಲಾದಾಗ ತಪ್ಪುವುದು ಇಂಥದ್ದೇ. ಸುರಿಯುವ, ಕಿಟ್ಟ ತೆಗೆಯುವ, ಲೇಡಲ್ ಹಿಡಿಯುವ ಕೆಲಸದ ತೀರ್ಮಾನ ಕೂಡ ಸೆಪ್ಟೆಂಬರಿನಲ್ಲಿ ಮತ್ತೊಂದು ಟ್ರೆಡ್‌ಮಿಲ್ ಪರೀಕ್ಷೆ ಆದ ಮೇಲೆ. ಈಗಲೇ ಭರವಸೆ ಕೊಡಲಾರೆ. ಅವರಿಗೂ ಹೀಗೇ ಹೇಳಿದ್ದೇನೆ.

ಸಂಬಳದ ವಿಷಯ ನನ್ನ ಅಧಿಕಾರಕ್ಕೆ ಬರುವುದಿಲ್ಲ, ಗೊತ್ತು. ಆದರೂ ವೈದ್ಯನಾಗಿ ಒಂದು ಮಾತು. ನಾಲ್ಕು ಗಂಟೆಗೆ ಅರ್ಧ ಸಂಬಳ ಅಂದರೆ ಎರಡು ಮಕ್ಕಳ ಫೀಸು ಕಟ್ಟಬೇಕಾದ ಮನುಷ್ಯ ಮೂರನೇ ದಿನಕ್ಕೇ "ನನಗೇನೂ ಆಗಿಲ್ಲ ಸರ್, ಪೂರ್ತಿ ಮಾಡ್ತೀನಿ" ಅನ್ನುತ್ತಾರೆ. ಅವರು ಉಳಿಸಿಕೊಂಡ ರಜೆ ಹೊಂದಿಸಿಯೋ, ಬೇರೆ ರೀತಿಯಲ್ಲೋ ಈ ಐದು ವಾರ ಕೈ ಕಟ್ಟದಂತೆ ನೋಡಿಕೊಳ್ಳಿ. ಗ್ರೇಡ್ ಇಳಿಸಬೇಡಿ. ಇದನ್ನು ಕೇಳಿಕೊಳ್ಳುತ್ತಿದ್ದೇನೆ.

ತುರ್ತಿನಲ್ಲಿ ಮಾಡಬೇಕಾದ್ದು ಎಲ್ಲ ಸೂಪರ್‌ವೈಸರ್‌ಗಳಿಗೂ ಗೊತ್ತಿರಲಿ. ಎದೆ ಬಿಗಿತ, ದವಡೆ ಅಥವಾ ಕೈಗೆ ಹರಿಯುವ ನೋವು, ತಣ್ಣನೆ ಬೆವರು, ಉಸಿರು ಕಟ್ಟುವುದು ಕಂಡರೆ ಕೂರಿಸಿ. ಜೇಬಿನ ಮಾತ್ರೆ ನಾಲಿಗೆ ಕೆಳಗೆ ಇಟ್ಟುಕೊಳ್ಳಲಿ. ಐದು ನಿಮಿಷದಲ್ಲಿ ಹೋಗದಿದ್ದರೆ 108ಕ್ಕೆ ಫೋನ್ ಮಾಡಿ, ಆಮೇಲೆ ನನಗೆ. ಎಚ್ಚರ ತಪ್ಪಿ ಉಸಿರಾಟ ನಿಂತರೆ 108ಕ್ಕೆ ಹೇಳುತ್ತಲೇ ಪ್ರಥಮ ಚಿಕಿತ್ಸೆ ಕಲಿತವರು ಎದೆ ಒತ್ತಲು ಶುರು ಮಾಡಲಿ. ಸೋಡಾ ಬೇಡ, ಗ್ಯಾಸಿನ ಪುಡಿ ಬೇಡ. ಸ್ವಂತ ಬೈಕಿನಲ್ಲಿ ಮನೆಗೆ ಕಳಿಸುವುದಂತೂ ಖಂಡಿತ ಬೇಡ. ಬೇರೆ ದಿನಗಳಲ್ಲಿ ಬೈಕಿನಲ್ಲಿ ಬಂದು ಹೋಗಲು ಅಡ್ಡಿ ಇಲ್ಲ.

ಕೊನೆಗೆ, ಜೊತೆಯವರಿಗೆ. ಬಸವರಾಜ ಅವರು ಮಾರ್ಚ್ 5ರಿಂದ ಬೀಡಿ ಮುಟ್ಟಿಲ್ಲ. ಚಹಾ ಹೊತ್ತಿಗೆ ಶೆಡ್ಡಿನ ಹಿಂದೆ ಎಲ್ಲರೂ ಸೇರುವ ಜಾಗಕ್ಕೆ ಅವರು ಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ನೀವೇ ಕ್ಯಾಂಟೀನ್ ಕಡೆ ಬಂದು ಅವರ ಜೊತೆ ಕೂರಿ. ಸೂಪರ್‌ವೈಸರ್ ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಕು.

ಜುಲೈ 1, ಸೋಮವಾರ ಬೆಳಗ್ಗೆ 10ಕ್ಕೆ ಮುಂದಿನ ಪೂರ್ತಿ ತಪಾಸಣೆ. ಅಂದು ಅವರಿಗೆ ಅರ್ಧ ದಿನ ಬಿಡುವು ಕೊಡಿ. ಸೂಪರ್‌ವೈಸರ್ ಕೂಡ ಹದಿನೈದು ನಿಮಿಷ ಬಂದು ಕೂತರೆ ಮುಂದಿನ ಹಂತವನ್ನು ಮೂವರೂ ಸೇರಿ ಬರೆಯಬಹುದು.

ತಮ್ಮ ವಿಶ್ವಾಸಿ,
ಕಾರ್ಖಾನೆಯ ವೈದ್ಯಾಧಿಕಾರಿ
(ಭೇಟಿ: ಸೋಮವಾರ, ಶುಕ್ರವಾರ, ಶನಿವಾರ ಬೆಳಗ್ಗೆ 9ರಿಂದ 12, ಪ್ರಥಮ ಚಿಕಿತ್ಸಾ ಕೊಠಡಿ)