ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, 12 ಸಾವಿರದೊಳಗೆ ರೂಮ್: ನಿಮ್ಮ ಪ್ರಶ್ನೆಗೆ ಉತ್ತರ

ನಮಸ್ಕಾರ. ಹಾಸನದಿಂದ ಬರುತ್ತಿದ್ದೀರಿ, ಕೋನಪ್ಪನ ಅಗ್ರಹಾರದ ಹತ್ತಿರ ಆಫೀಸು, ಒಬ್ಬರೇ ಇರುತ್ತೀರಿ, ಬಾಡಿಗೆ 12,000 ದಾಟಬಾರದು, ಇನ್ನು ಹದಿನೈದು ದಿನದಲ್ಲಿ ಕೆಲಸಕ್ಕೆ ಸೇರಬೇಕು. ಇಷ್ಟನ್ನೂ ನೀವೇ ಬರೆದಿರುವುದರಿಂದ ಉತ್ತರ ಕೊಡುವುದು ಸುಲಭವಾಯಿತು. ನಾನು ಬೆಂಗಳೂರಿಗೆ ಬಂದು ಹನ್ನೊಂದು ವರ್ಷವಾಯಿತು, ಆರು ಮನೆ ಬದಲಿಸಿದ್ದೇನೆ. ಆ ಆರರಲ್ಲಿ ಅಡ್ವಾನ್ಸ್ ಪೂರ್ತಿ ಕೈಗೆ ಬಂದದ್ದು ಎರಡು ಮನೆಗಳಿಂದ ಮಾತ್ರ. ಕೆಳಗೆ ಬರೆದಿರುವುದೆಲ್ಲ ಉಳಿದ ನಾಲ್ಕು ಮನೆಗಳು ಕಲಿಸಿದ್ದು.

ಮೊದಲು ಒಂದು ಮಾತು. ಹಾಸನದಲ್ಲಿ ಕುಳಿತು, ಫೋಟೊ ನೋಡಿ, ಮನೆ ಗೊತ್ತು ಮಾಡಬೇಡಿ. ಮೊದಲ ತಿಂಗಳು ಆಫೀಸಿನ ಹತ್ತಿರದ ಯಾವುದಾದರೂ ಪಿಜಿಯಲ್ಲಿ ಇದ್ದುಬಿಡಿ. ಊಟ ಚೆನ್ನಾಗಿರುವುದಿಲ್ಲ, ಸಹಿಸಿಕೊಳ್ಳಿ. ಇಲ್ಲಿ ಬಾಡಿಗೆದಾರರು ಸಾಮಾನ್ಯವಾಗಿ ತಿಂಗಳ ಆರಂಭದಲ್ಲಿ ನೋಟಿಸ್ ಕೊಡುತ್ತಾರೆ, ಅದರ ಬೆನ್ನಿಗೇ ಗೇಟಿಗೆ ‘ಟು ಲೆಟ್’ ಬೋರ್ಡ್ ಬೀಳುತ್ತದೆ. ಇಪ್ಪತ್ತನೇ ತಾರೀಖಿನ ಹೊತ್ತಿಗೆ ಒಳ್ಳೆಯವೆಲ್ಲ ಹೋಗಿ, ಬೆಳಕಿಲ್ಲದವು ಉಳಿದಿರುತ್ತವೆ. ಎರಡು ಶನಿವಾರ ನಡೆದುಕೊಂಡೇ ಬೀದಿ ಸುತ್ತಿದರೆ ಆ್ಯಪ್‌ನಲ್ಲಿ ಕಾಣದ ಮನೆಗಳು ಸಿಗುತ್ತವೆ, ಬ್ರೋಕರ್‌ಗೆ ಕೊಡಬೇಕಾದ ಒಂದು ತಿಂಗಳ ಬಾಡಿಗೆಯೂ ಉಳಿಯುತ್ತದೆ. ಆಷಾಢ ಬಂದರೆ ಇನ್ನೂ ಒಳ್ಳೆಯದು. ಸಂಸಾರಸ್ಥರು ಆ ತಿಂಗಳು ಮನೆ ಬದಲಿಸುವುದಿಲ್ಲ, ಖಾಲಿ ಮನೆಯ ಮಾಲೀಕರು ಒಂಟಿ ಹುಡುಗರ ಜೊತೆಯೂ ಮೃದುವಾಗಿ ಮಾತನಾಡುತ್ತಾರೆ. ನನ್ನ ಮೂರನೇ ಮನೆಗೆ ಸಾವಿರ ರೂಪಾಯಿ ಕಡಿಮೆಯಾದದ್ದು ಆಷಾಢದ ದಯೆಯಿಂದ.

ಇನ್ನು ಜಾಗ. ಎಲೆಕ್ಟ್ರಾನಿಕ್ ಸಿಟಿಯಲ್ಲೇ ಇರಬೇಕೆಂಬ ಒತ್ತಾಯ ಈಗಿಲ್ಲ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್‌ನಲ್ಲಿ ಸಿಲುಕದೆ ಹೋಗಬಹುದು. ಆ ಜಂಕ್ಷನ್‌ನಲ್ಲಿ ಬಸ್ಸಿನೊಳಗೆ ನಿಂತೇ ಕಳೆದ ನನ್ನ ಸಂಜೆಗಳನ್ನು ಲೆಕ್ಕ ಹಾಕಿದರೆ ಒಂದು ಡಿಗ್ರಿ ಮುಗಿಸಬಹುದಿತ್ತು. ನಿಮ್ಮ ಆಫೀಸಿಗೆ ಕೋನಪ್ಪನ ಅಗ್ರಹಾರ ನಿಲ್ದಾಣವೇ ಇದೆ. ಆದ್ದರಿಂದ ‘ಆಫೀಸಿನಿಂದ ಎಷ್ಟು ಕಿಲೋಮೀಟರ್’ ಎಂದು ನೋಡುವುದಕ್ಕಿಂತ ‘ಮೆಟ್ರೊ ನಿಲ್ದಾಣಕ್ಕೆ ಎಷ್ಟು ನಿಮಿಷದ ನಡಿಗೆ’ ಎಂದು ನೋಡಿ. ಹತ್ತು ನಿಮಿಷ ದಾಟಿದರೆ ಮಳೆಗಾಲದಲ್ಲಿ ಆಟೊಗೆ ದುಡ್ಡು ಸುರಿಯಬೇಕಾಗುತ್ತದೆ.

ನಿಮ್ಮ ಬಜೆಟ್‌ಗೆ ಮೊದಲು ನೋಡಬೇಕಾದದ್ದು ಹೊಸೂರು ರಸ್ತೆಯ ಅಕ್ಕಪಕ್ಕ: ಕೂಡ್ಲು ಗೇಟ್, ಸಿಂಗಸಂದ್ರ, ಹೊಸ ರೋಡ್. ಒಂದು ಕೋಣೆ, ಅಡುಗೆಮನೆ, ಬಾತ್‌ರೂಮ್ ಇರುವ ಸಣ್ಣ ಮನೆ ಅಲ್ಲಿ 12 ಸಾವಿರದೊಳಗೆ ಸಿಗುವ ಸಾಧ್ಯತೆ ಹೆಚ್ಚು. ಆಫೀಸಿಗೆ ಮೂರರಿಂದ ಐದು ನಿಲ್ದಾಣ. ತೊಂದರೆಯೆಂದರೆ ಕಟ್ಟಡಗಳು ಒಂದಕ್ಕೊಂದು ಅಂಟಿಕೊಂಡಿವೆ. ಹಗಲಿನಲ್ಲೂ ದೀಪ ಹಾಕಬೇಕಾದ ಕೋಣೆಗಳೇ ಜಾಸ್ತಿ. ಬಿಟಿಎಂ ಲೇಔಟ್‌ನಲ್ಲಿ ಊಟ ತಿಂಡಿಗೆ ಕೊರತೆಯಿಲ್ಲ, ಬ್ಯಾಚುಲರ್ ಎಂದು ಯಾರೂ ಮುಖ ತಿರುಗಿಸುವುದಿಲ್ಲ, ಆದರೆ ಅದೇ ದುಡ್ಡಿಗೆ ಸಿಗುವ ಜಾಗ ಚಿಕ್ಕದು. ಜಯನಗರ, ಬನಶಂಕರಿ ಚೆಂದ, ನಿಮ್ಮ ಬಜೆಟ್‌ಗೆ ಮೂರನೇ ಮಹಡಿಯ ಶೀಟ್ ಹಾಕಿದ ಕೋಣೆ ಸಿಕ್ಕರೆ ಹೆಚ್ಚು. ಏಪ್ರಿಲ್‌ನಲ್ಲಿ ಶೀಟಿನ ಕೆಳಗೆ ಮಲಗಿದವನಾಗಿ ಹೇಳುತ್ತಿದ್ದೇನೆ, ಬೇಡ.

ವಾರಾಂತ್ಯಕ್ಕೆ ಊರಿಗೆ ಹೋಗುತ್ತೇನೆ ಎಂದು ಬರೆದಿದ್ದೀರಲ್ಲ, ಹಾಗಾದರೆ ಕೋಣನಕುಂಟೆ ಕ್ರಾಸ್, ಯಲಚೇನಹಳ್ಳಿ ಕಡೆಯೂ ನೋಡಿ. ಆಫೀಸಿಗೆ ಹೋಗಲು ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸಬೇಕು, ನಿಜ. ಆದರೆ ಹಸಿರು ಮಾರ್ಗದಲ್ಲಿ ಕುಳಿತರೆ ನೇರ ಗೊರಗುಂಟೆಪಾಳ್ಯದಲ್ಲಿ ಇಳಿದು ಹಾಸನದ ಬಸ್ ಹತ್ತಬಹುದು. ಶುಕ್ರವಾರ ಸಂಜೆ ಎಲೆಕ್ಟ್ರಾನಿಕ್ ಸಿಟಿಯಿಂದ ಬಸ್ಸಿನಲ್ಲಿ ಊರು ದಾಟುವ ಕಷ್ಟ ಒಮ್ಮೆ ಅನುಭವಿಸಿದರೆ ಇದರ ಬೆಲೆ ತಿಳಿಯುತ್ತದೆ.

ಯಾವ ಬಡಾವಣೆಯಾದರೂ ನೀರಿನ ಬಗ್ಗೆ ಮಾಲೀಕರನ್ನು ಕೇಳಬೇಡಿ. ‘ಇಪ್ಪತ್ತನಾಲ್ಕು ಗಂಟೆ ನೀರು’ ಎಂದೇ ಎಲ್ಲರೂ ಹೇಳುವುದು. ಕೆಳಮನೆಯ ಬಾಡಿಗೆದಾರರನ್ನು ಕೇಳಿ: ಕಾವೇರಿ ಸಂಪರ್ಕ ಇದೆಯೇ, ಬೋರ್‌ವೆಲ್ ಮಾತ್ರವೇ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ದುಡ್ಡು ಯಾರದು? 2024ರ ಬೇಸಿಗೆಯಲ್ಲಿ ನಗರದ ಎಷ್ಟೋ ಬೋರ್‌ವೆಲ್‌ಗಳು ಬತ್ತಿದಾಗ ನಮ್ಮ ಕಟ್ಟಡದಲ್ಲಿ ಜಗಳ ನಡೆದದ್ದೆಲ್ಲ ಈ ಕೊನೆಯ ಪ್ರಶ್ನೆಯ ಮೇಲೆಯೇ.

ಅಡ್ವಾನ್ಸ್ ವಿಷಯಕ್ಕೆ ಬರೋಣ. ಇಲ್ಲಿ ಹಿಂದೆ ಹತ್ತು ತಿಂಗಳ ಬಾಡಿಗೆ ಕೇಳುವುದು ವಾಡಿಕೆಯಾಗಿತ್ತು, ಈಗಲೂ ಕೆಲವರು ಅಲ್ಲಿಂದಲೇ ಶುರು ಮಾಡುತ್ತಾರೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಸತಿಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಕೂಡದು ಎಂದಿದೆ. ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರ. ಕಾಯ್ದೆಯ ಹೆಸರು ಹೇಳಿ ಮಾಲೀಕರನ್ನು ಹೆದರಿಸಲು ಹೊರಟರೆ ‘ಬೇರೆ ಮನೆ ನೋಡಿಕೊಳ್ಳಿ’ ಎನ್ನುತ್ತಾರೆ. ನಿಮ್ಮ ಮಟ್ಟದ ಮನೆಗೆ ಐದು ತಿಂಗಳು ಕೇಳಿದರೆ ನಾಲ್ಕಕ್ಕೆ, ಆರು ಕೇಳಿದರೆ ಐದಕ್ಕೆ ಇಳಿಸಲು ನೋಡಿ. ಹನ್ನೆರಡು ಸಾವಿರದ ಐದು ಪಟ್ಟು ಎಂದರೆ 60,000. ಮೊದಲ ಸಂಬಳ ಬರುವ ಮುನ್ನವೇ ಅಷ್ಟನ್ನು ಹೊಂದಿಸಬೇಕು. ಬಾಡಿಗೆ ಇಳಿಸಲು ಒಪ್ಪದ ಮಾಲೀಕರು ಅಡ್ವಾನ್ಸ್ ಇಳಿಸಲು ಒಪ್ಪುವುದುಂಟು. ಅದನ್ನೇ ಕೇಳಿ, ನಿಮಗೆ ಈಗ ಬೇಕಾಗಿರುವುದೂ ಅದೇ.

ಕೊಡುವಾಗ ಬ್ಯಾಂಕ್ ಮೂಲಕವೇ ಕೊಡಿ, ಕರಾರಿನಲ್ಲಿ ಹೆಸರಿರುವ ವ್ಯಕ್ತಿಯ ಖಾತೆಗೇ ಹೋಗಲಿ. ಅವರ ಮಗನ ಖಾತೆ, ಬ್ರೋಕರ್ ಖಾತೆ ಯಾವುದೂ ಬೇಡ. ಅದಕ್ಕೂ ಮೊದಲು ವಿದ್ಯುತ್ ಬಿಲ್ ಅಥವಾ ಆಸ್ತಿ ತೆರಿಗೆ ರಸೀದಿ ತೋರಿಸಲು ಕೇಳಿ, ಅದರಲ್ಲಿರುವ ಹೆಸರೂ ನಿಮ್ಮೊಡನೆ ಮಾತನಾಡುತ್ತಿರುವವರ ಹೆಸರೂ ಒಂದೇ ಆಗಿರಲಿ, ಬೇರೆಯಾಗಿದ್ದರೆ ಕಾರಣ ಕೇಳಿ. ‘ನಾನು ಸೈನ್ಯದಲ್ಲಿದ್ದೇನೆ, ವರ್ಗಾವಣೆಯಾಗಿದೆ, ಟೋಕನ್ ಕಳುಹಿಸಿದರೆ ಕೀ ಕೊರಿಯರ್ ಮಾಡುತ್ತೇನೆ’ ಎಂಬ ಸಂದೇಶ ಬಂದರೆ ಮೋಸವೆಂದು ತಿಳಿದು ಅಲ್ಲೇ ಬಿಟ್ಟುಬಿಡಿ. ಮನೆಯೊಳಗೆ ಕಾಲಿಡದೆ ಒಂದು ರೂಪಾಯಿಯನ್ನೂ ಕಳುಹಿಸಬಾರದು. ‘ಲೀಸ್‌ಗೆ ಕೊಡುತ್ತೇವೆ, ಬಾಡಿಗೆಯೇ ಇಲ್ಲ’ ಎಂದು ಲಕ್ಷಗಳಲ್ಲಿ ಕೇಳುವ ಭೋಗ್ಯದ ಮನೆಗಳ ಗೊಡವೆಗೂ ಹೋಗಬೇಡಿ. ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಅದು ತೀರದಿದ್ದರೆ ನಿಮ್ಮ ಗಂಟು ಸಿಕ್ಕಿಕೊಳ್ಳುತ್ತದೆ.

ಕರಾರು ಪತ್ರ ಹನ್ನೊಂದು ತಿಂಗಳಿನದೇ ಯಾಕೆ ಎಂದು ಕೇಳಿದ್ದೀರಿ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆ ಓಡಾಟ, ಖರ್ಚು ತಪ್ಪಿಸಲು ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಇ-ಸ್ಟಾಂಪ್‌ನೊಂದಿಗೆ ಮಾಡಿಸಿ, ಇಬ್ಬರ ಸಹಿ, ಇಬ್ಬರು ಸಾಕ್ಷಿಗಳು ಇರಲಿ. ಪ್ರತಿ ಪುಟಕ್ಕೂ ಸಹಿ ಹಾಕಿಸಿ ಒಂದು ಪ್ರತಿ ನೀವು ಇಟ್ಟುಕೊಳ್ಳಿ.

ಅಂಗಡಿಯವರು ಕೊಡುವ ಸಿದ್ಧ ನಮೂನೆ ಮನೆಗೆ ಸೇರುವುದರ ಬಗ್ಗೆ ಎರಡು ಪುಟ ಮಾತನಾಡುತ್ತದೆ, ಬಿಡುವುದರ ಬಗ್ಗೆ ಒಂದೇ ಸಾಲು. ಜಗಳವಾಗುವುದು ಬಿಡುವಾಗ. ನನ್ನ ನಾಲ್ಕನೇ ಮನೆಯವರು ಬಹಳ ಒಳ್ಳೆಯವರು, ಹಬ್ಬಕ್ಕೆ ಹೋಳಿಗೆ ಕಳುಹಿಸುತ್ತಿದ್ದರು. ಬಿಡುವ ದಿನ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ, ‘ಕ್ಲೀನಿಂಗ್’ಗೆ ಮೂರು ಸಾವಿರ, ನಾನು ಬರುವ ಮೊದಲೇ ಬಿರುಕು ಬಿಟ್ಟಿದ್ದ ವಾಶ್‌ಬೇಸಿನ್‌ಗೆ ಎರಡೂವರೆ ಸಾವಿರ ಮುರಿದುಕೊಂಡರು. ಬಾಕಿ ಹಣ ಎರಡು ತಿಂಗಳ ಮೇಲೆ, ಎರಡು ಕಂತಿನಲ್ಲಿ ಬಂತು. ಕರಾರಿನಲ್ಲಿ ಇದರ ಬಗ್ಗೆ ಏನೂ ಇರಲಿಲ್ಲ, ಹಾಗಾಗಿ ವಾದಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಆಮೇಲಿನ ಎರಡು ಮನೆಗಳಿಗೆ ನಾನೇ ಸೇರಿಸಿದ ಸಾಲುಗಳು ಇವು, ಹಾಗೆಯೇ ಬಳಸಿಕೊಳ್ಳಿ:

“ಬಾಡಿಗೆದಾರರು ಒಂದು ತಿಂಗಳ ಮುಂಚಿತ ಸೂಚನೆ ನೀಡಿ ಮನೆ ತೆರವು ಮಾಡಬಹುದು. ಮಾಲೀಕರು ತೆರವು ಕೇಳುವುದಾದರೆ ಎರಡು ತಿಂಗಳ ಸೂಚನೆ ನೀಡತಕ್ಕದ್ದು. ಮುಂಗಡ ಹಣ ರೂ. 60,000ವನ್ನು ಕೀಲಿ ಹಿಂದಿರುಗಿಸಿದ ಏಳು ದಿನಗಳೊಳಗೆ ಬ್ಯಾಂಕ್ ಖಾತೆಗೆ ಮರಳಿಸತಕ್ಕದ್ದು. ಬಣ್ಣದ ಖರ್ಚಿಗೆ ರೂ. 6,000 ಹೊರತು ಸಾಮಾನ್ಯ ಬಳಕೆಯ ಸವೆತಕ್ಕೆ ಯಾವ ಕಡಿತವೂ ಇರುವುದಿಲ್ಲ. ಹನ್ನೊಂದು ತಿಂಗಳ ನಂತರ ಕರಾರು ಮುಂದುವರಿದಲ್ಲಿ ಬಾಡಿಗೆ ಶೇ 5ಕ್ಕಿಂತ ಹೆಚ್ಚಿಸತಕ್ಕದ್ದಲ್ಲ.”

ಬಣ್ಣದ ಮೊತ್ತವನ್ನು ಅಂಕಿಯಲ್ಲೇ ಬರೆಸಿ. ‘ಪೇಂಟಿಂಗ್ ಚಾರ್ಜ್ ಬಾಡಿಗೆದಾರರದು’ ಎಂದಷ್ಟೇ ಇದ್ದರೆ ಅದಕ್ಕೆ ಮೇಲ್ಮಿತಿ ಇರುವುದಿಲ್ಲ. ‘ಆರು ತಿಂಗಳೊಳಗೆ ಬಿಟ್ಟರೆ ಅಡ್ವಾನ್ಸ್ ಇಲ್ಲ’ ಎಂಬಂಥ ಲಾಕ್-ಇನ್ ಸಾಲು ಎಲ್ಲಾದರೂ ಅಡಗಿದೆಯೇ ನೋಡಿ. ನಿಮ್ಮದು ಹೊಸ ಕೆಲಸ, ಬೇರೆ ಊರಿಗೆ ಕಳುಹಿಸಿದರೆ ಕಷ್ಟ. ಕೀ ತೆಗೆದುಕೊಂಡ ದಿನವೇ, ಸಾಮಾನು ಇಳಿಸುವ ಮುನ್ನ, ಗೋಡೆ, ನಲ್ಲಿ, ಸ್ವಿಚ್, ಕಿಟಕಿ ಗಾಜು ಎಲ್ಲದರ ವಿಡಿಯೊ ಮಾಡಿ ಮಾಲೀಕರಿಗೇ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ. ನನ್ನ ಆ ವಾಶ್‌ಬೇಸಿನ್ ಹತ್ತು ಸೆಕೆಂಡಿನ ವಿಡಿಯೊದಲ್ಲಿ ಮುಗಿಯುತ್ತಿತ್ತು.

ಕರೆಂಟ್ ಬಗ್ಗೆ: ನಿಮ್ಮ ಮನೆಗೆ ಪ್ರತ್ಯೇಕ ಬೆಸ್ಕಾಂ ಮೀಟರ್ ಇರಲೇಬೇಕು, ಸಬ್ ಮೀಟರ್ ಅಲ್ಲ. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, ಆ ಮೀಟರ್‌ನ ಆರ್‌ಆರ್ ಸಂಖ್ಯೆಗೆ ನಿಮ್ಮ ಆಧಾರ್ ಜೋಡಿಸಿ ಅರ್ಜಿ ಹಾಕಬೇಕು, ಬಾಡಿಗೆ ಕರಾರು ಅದಕ್ಕೆ ದಾಖಲೆಯಾಗುತ್ತದೆ. ಹಿಂದಿನ ಬಾಡಿಗೆದಾರರ ಜೋಡಣೆ ತೆಗೆಸಿದ್ದಾರೆಯೇ ಎಂದೂ ಕೇಳಿ. ಮಾಲೀಕರಿಗೆ ಆಧಾರ್ ಪ್ರತಿ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಡೌನ್‌ಲೋಡ್ ಮಾಡಿ ಕೊಡಿ. ಇನ್ನೊಂದು, ಹಳೆಯ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ ವಿನಾಯಿತಿ ಪಡೆಯುವುದಾದರೆ ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಬೇಕು. ನಿಮ್ಮದು 1,44,000 ಆಗುತ್ತದೆ. ಕೊಡುತ್ತಾರೋ ಇಲ್ಲವೋ ಸೇರುವ ಮುನ್ನವೇ ಕೇಳಿ, ಸೇರಿದ ಮೇಲೆ ಕೇಳಿದರೆ ಮುಖ ಗಂಟಿಕ್ಕುತ್ತಾರೆ.

ಮಾಂಸದ ಅಡುಗೆ, ರಾತ್ರಿ ಗೇಟ್ ಮುಚ್ಚುವ ಹೊತ್ತು, ಊರಿನಿಂದ ತಂದೆ ತಾಯಿ ಬಂದರೆ ನಾಲ್ಕು ದಿನ ಇರಬಹುದೇ, ಬೈಕ್ ಎಲ್ಲಿ ನಿಲ್ಲಿಸುವುದು, ಇವನ್ನೂ ಬಾಯಿಬಿಟ್ಟು ಕೇಳಿ. ಸಂಕೋಚ ಬೇಡ.

ನಮ್ಮ ಬೀದಿಯಲ್ಲಿ, ಕೋಣನಕುಂಟೆ ಕ್ರಾಸ್ ನಿಲ್ದಾಣದಿಂದ ಎಂಟು ನಿಮಿಷದ ನಡಿಗೆಯಲ್ಲಿ, ಎರಡನೇ ಮಹಡಿಯ ಒಂದು ಸಣ್ಣ ಮನೆ ಮುಂದಿನ ತಿಂಗಳು ಖಾಲಿಯಾಗುತ್ತಿದೆ. ಬಾಡಿಗೆ 11,500 ಹೇಳುತ್ತಿದ್ದಾರೆ, ಅಡ್ವಾನ್ಸ್ ಐದು ತಿಂಗಳು, ಕಾವೇರಿ ನೀರಿದೆ, ಪ್ರತ್ಯೇಕ ಮೀಟರ್ ಇದೆ. ಪಕ್ಕದಲ್ಲಿ ಮದುವೆ ಮಂಟಪವಿದೆ, ಮುಹೂರ್ತದ ದಿನಗಳಲ್ಲಿ ಬೆಳಿಗ್ಗೆ ಐದಕ್ಕೇ ವಾಲಗ ಶುರು. ಅದಕ್ಕೆ ಅಡ್ಡಿಯಿಲ್ಲ ಎನ್ನುವುದಾದರೆ ಖಾಸಗಿಯಾಗಿ ಸಂದೇಶ ಕಳುಹಿಸಿ. ಶನಿವಾರ ಹತ್ತು ಗಂಟೆಯ ಮೇಲೆ ನಾನು ಮನೆಯಲ್ಲೇ ಇರುತ್ತೇನೆ, ಜೊತೆಗೆ ಬಂದು ತೋರಿಸುತ್ತೇನೆ.